ಷರತ್ತುಗಳ ತಲೆಬರಹದ ಕೆಳಗೆ ಬರುವ ಒಂದು ಸಾಲಿಗೆ ಏನನ್ನಬೇಕು?

ಬೆಳಗಾವಿಯ ಅನುವಾದಕಿ:
ಇಲ್ಲಿನ ಒಂದು ಪತ್ತಿನ ಸಹಕಾರ ಸಂಘದ ಠೇವಣಿ ಷರತ್ತುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂಬತ್ತು ಪುಟ, ಒಂದೂ ತಲೆಬರಹ ಇಲ್ಲ. ಭಾಗ ಮಾಡಿ ತಲೆಬರಹ ಕೊಡುವುದು, ಕೆಳಗೆ ಸರಳವಾಗಿ ಒಂದು ಸಾಲು, ಆಮೇಲೆ ಪೂರ್ತಿ ಷರತ್ತು. ಇದಕ್ಕೆ ಸಂಘದವರು ಒಪ್ಪಿದ್ದಾರೆ. ಆ ಸಾಲಿಗೆ ಹೆಸರು ಬೇಕು. ‘ಸಾರಾಂಶ’ ಅಂದರೆ ಶಾಲೆಯ ಪದ್ಯದ ನೆನಪಾಗುತ್ತದೆ. ನಾಳೆ ಪ್ರೆಸ್ಸಿಗೆ ಕೊಡಬೇಕು.

ವಿಜಯಪುರದ ನಿವೃತ್ತ ಮೇಷ್ಟ್ರು:
‘ತಿರುಳು’. ಬೇರೆ ಪದ ಹುಡುಕುವ ಅಗತ್ಯವೇ ಇಲ್ಲ. ಅದಕ್ಕೂ ಮೊದಲು ‘ಷರತ್ತು’ ತೆಗೆಯಿರಿ, ಅದು ಅರಬ್ಬಿ. ‘ಠೇವಣಿ’ ಮರಾಠಿ. ಇಡುಗಂಟು ಅನ್ನಿ.

ತಿಕೋಟಾದ ದ್ರಾಕ್ಷಿ ಬೆಳೆಗಾರ:
ನಮ್ಮ ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನ ರಸೀದಿ ಹಿಂದೆಯೂ ಇಂಥದ್ದೇ ಸಣ್ಣ ಅಕ್ಷರ. ಯಾರೂ ಓದುವುದಿಲ್ಲ. ಅಕ್ಕಾರ, ಆ ಒಂದೊಂದು ಸಾಲು ಮಾತ್ರ ಇಡ್ರಿ, ಉಳಿದಿದ್ದು ಸುಮ್ನೆ ತೆಗೆದುಬಿಡ್ರಿ.

ಬಾಗಲಕೋಟೆಯ ವಕೀಲರು:
ತೆಗೆಯಲು ಬರುವುದಿಲ್ಲ. ಕರಾರು ಇರುವುದೇ ಪೂರ್ತಿ ಪಠ್ಯದಲ್ಲಿ. ‘ಈ ಸಾಲುಗಳು ತಿಳಿವಳಿಕೆಗೆ ಮಾತ್ರ, ಕರಾರಿನ ಭಾಗವಲ್ಲ’ ಎಂದು ಮೇಲೆ ಬರೆಯಿರಿ. ಆಮೇಲೆ ಸಾಲಿನಲ್ಲಿ ಏನಿದ್ದರೂ ತೊಂದರೆ ಇಲ್ಲ.

ಧಾರವಾಡದಿಂದ, ಬ್ಯಾಂಕಿನ ಕಾಗದಪತ್ರ ತಿದ್ದುವವರು:
ವಕೀಲ ಸಾಹೇಬರ ಮಾತು ಅರ್ಧ ಸರಿ. ಆ ಸೂಚನೆ ಬೇಕೇ ಬೇಕು. ಕ್ರಿಯೇಟಿವ್ ಕಾಮನ್ಸ್‌ನವರೂ ತಮ್ಮ ಸರಳ ಪುಟ ಲೈಸೆನ್ಸ್ ಅಲ್ಲ ಎಂದು ಅದರಲ್ಲೇ ಹೇಳುತ್ತಾರೆ. ಆದರೆ ಸಾಲು ಒಂದು ಹೇಳಿ ಷರತ್ತು ಇನ್ನೊಂದು ಹೇಳಿದರೆ ಸೂಚನೆ ಕಾಯುತ್ತದೆ ಎಂದು ನಂಬಬೇಡಿ. ಎರಡು ಅರ್ಥ ಬಂದಾಗ ಬರೆದವರಿಗೆ ವಿರುದ್ಧವಾದ ಅರ್ಥ ಹಿಡಿಯುವುದು ಕೋರ್ಟಿನ ಹಳೇ ಪದ್ಧತಿ. ಮೇಡಮ್, ಒಂದು ಷರತ್ತು ಹಾಕಿ, ನೋಡೋಣ.

ಬೆಳಗಾವಿಯ ಅನುವಾದಕಿ:
‘7. ಅವಧಿ ಮುಕ್ತಾಯದ ದಿನಾಂಕದಿಂದ 14 ದಿನಗಳೊಳಗಾಗಿ ಠೇವಣಿದಾರರು ಲಿಖಿತ ಸೂಚನೆ ನೀಡದಿದ್ದ ಪಕ್ಷದಲ್ಲಿ ಸದರಿ ಠೇವಣಿಯನ್ನು ಅಂದಿನ ಚಾಲ್ತಿ ಬಡ್ಡಿದರದಲ್ಲಿ ಅದೇ ಅವಧಿಗೆ ನವೀಕರಿಸಲಾಗುವುದು. ಅವಧಿಪೂರ್ವ ಹಿಂಪಡೆತಕ್ಕೆ ಬಡ್ಡಿಯಲ್ಲಿ ಶೇ. 1 ಕಡಿತಗೊಳಿಸಲಾಗುವುದು.’
ತಲೆಬರಹ: ನವೀಕರಣ. ಸಾಲು: ‘ನೀವು ಏನೂ ಹೇಳದಿದ್ದರೆ ಠೇವಣಿ ತಾನಾಗಿ ಮುಂದುವರಿಯುತ್ತದೆ.’

ಧಾರವಾಡದಿಂದ:
ಇದನ್ನಷ್ಟೇ ಓದಿದವರು ಕೌಂಟರಿಗೆ ಬಂದು ಬಾಯಲ್ಲಿ ಹೇಳಿ ಹೋಗುತ್ತಾರೆ. ಷರತ್ತು ಕೇಳುವುದು ಬರವಣಿಗೆ. 14 ದಿನ ಬಿಟ್ಟುಹೋಗಿದೆ. ಹಳೇ ಬಡ್ಡಿಯೇ ಸಿಗುತ್ತದೆ ಅಂದುಕೊಳ್ಳುತ್ತಾರೆ. ಗಡುವು, ಮಾಡಬೇಕಾದ ಕೆಲಸ, ದುಡ್ಡಿನ ವ್ಯತ್ಯಾಸ, ಈ ಮೂರೂ ಆ ಸಾಲಿನಲ್ಲಿ ಬರಲೇಬೇಕು.

ಇನ್ನು ಇಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಒಂದೇ ಸಾಲಿಗೆ ಹಿಡಿಯದಿದ್ದರೆ ಭಾಗ ತಪ್ಪಾಗಿದೆ ಎಂದೇ ಅರ್ಥ, ಅಲ್ವಾ? ಮೊದಲ ಪೂರ್ಣವಿರಾಮದ ಹತ್ತಿರ ಒಡೆಯಿರಿ. ಆದರೆ 7, 8 ಮಾಡಬೇಡಿ, 7.1, 7.2 ಮಾಡಿ. ಬೇರೆ ಕಡೆ ‘ಷರತ್ತು 8ರಂತೆ’ ಎಂದಿದ್ದರೆ, ಸಂಖ್ಯೆ ಒಂದು ಜರುಗಿದರೂ ಅದು ತಪ್ಪು ಷರತ್ತಿಗೆ ಹೋಗಿ ಕೂರುತ್ತದೆ. ಒಡೆದ ಮೇಲೂ 7 ಎಂದು ಕರೆದಲ್ಲೆಲ್ಲ 7.1ಕ್ಕೋ, 7.2ಕ್ಕೋ, ಎರಡಕ್ಕೋ ಎಂದು ನೋಡಿ.

7.1 ಅವಧಿ ಮುಗಿದ ಮೇಲೆ ನನ್ನ ಹಣ ಏನಾಗುತ್ತದೆ?
ಅವಧಿ ಮುಗಿದ 14 ದಿನದೊಳಗೆ ಬರೆದು ಕೊಡದಿದ್ದರೆ, ಠೇವಣಿ ಮತ್ತೆ ಅಷ್ಟೇ ಅವಧಿಗೆ, ಆಗಿನ ಬಡ್ಡಿದರದಲ್ಲಿ ಮುಂದುವರಿಯುತ್ತದೆ.

7.2 ಅವಧಿಗೆ ಮೊದಲೇ ಹಣ ತೆಗೆಯಬಹುದೇ?
ತೆಗೆಯಬಹುದು, ಬಡ್ಡಿಯಲ್ಲಿ ಶೇ. 1 ಕಡಿತವಾಗುತ್ತದೆ.

ಈ ಕೊನೆಯದನ್ನು ಸಂಘದವರಿಗೆ ತೋರಿಸಿಯೇ ಹಾಕಿ. ದರದಲ್ಲಿ ಒಂದು ಅಂಶ ಕಡಿಮೆಯೋ, ಬಂದ ಬಡ್ಡಿಯ ನೂರರಲ್ಲಿ ಒಂದು ಪಾಲೋ, ಮೂಲದಲ್ಲೇ ಗೊತ್ತಾಗುವುದಿಲ್ಲ. 7 ಶೇಕಡಾ ಠೇವಣಿ ಲಕ್ಷಕ್ಕೆ ವರ್ಷಕ್ಕೆ 7,000 ಕೊಡುತ್ತದೆ. ಮೊದಲ ಅರ್ಥದಲ್ಲಿ 1,000 ಹೋಗುತ್ತದೆ, ಎರಡನೆಯದರಲ್ಲಿ ಬರೀ 70. ಇದನ್ನು ಅನುವಾದಕರು ತೀರ್ಮಾನಿಸಬಾರದು.

ಪ್ರಶ್ನೆಯೇ ತಲೆಬರಹವಾದರೆ ಕೆಳಗಿನ ಸಾಲು ಉತ್ತರ. ಅದಕ್ಕೆ ಹೆಸರೇ ಬೇಡ.

ಬಾಗಲಕೋಟೆಯ ವಕೀಲರು:
ಶೇ. 1ರ ಮಾತು ಒಪ್ಪಿದೆ. ಆದರೆ ಹೆಸರು ಬೇಕು. ಇಲ್ಲದಿದ್ದರೆ ಮೇಲಿನ ಸೂಚನೆಯಲ್ಲಿ ಯಾವುದನ್ನು ‘ಕರಾರಿನ ಭಾಗವಲ್ಲ’ ಅನ್ನುವುದು? ‘ಬಣ್ಣದ ಚೌಕದ ಸಾಲು’ ಅಂದರೆ ಝೆರಾಕ್ಸ್‌ನಲ್ಲಿ ಬಣ್ಣ ಉಳಿಯುವುದಿಲ್ಲ.

ವಿಜಯಪುರದ ಮೇಷ್ಟ್ರು:
ತಿರುಳು ಎಂದು ಮೊದಲೇ ಹೇಳಿದ್ದೇನೆ. ಯಾರೂ ಓದಲಿಲ್ಲ.

ಬೆಳಗಾವಿಯ ಅನುವಾದಕಿ:
ಓದಿದೆ ಸರ್. ಷರತ್ತಿನ ಮುಂದೆ ‘ತಿರುಳು’ ಅಂತ ಬರೆದರೆ ಉಳಿದದ್ದು ಸಿಪ್ಪೆ ಅನ್ನಿಸುತ್ತದೆ. ಹಾಗೆ ಓದಿಸುವುದೇ ಅಪಾಯ. ‘ಸರಳವಾಗಿ’ ಎಂದು ಹಾಕಿ, ಸೂಚನೆಯಲ್ಲಿ ‘“ಸರಳವಾಗಿ” ಎಂದು ಶುರುವಾಗುವ ಸಾಲುಗಳು’ ಎನ್ನುತ್ತೇನೆ. ಶೇ. 1 ಕೇಳಲು ಫೋನ್ ಮಾಡಿದ್ದೇನೆ, ವ್ಯವಸ್ಥಾಪಕರು ನಾಳೆ ಹೇಳುತ್ತಾರಂತೆ. ಠೇವಣಿ ಮಾತ್ರ ಬಿಡುವುದಿಲ್ಲ. ಇಡುಗಂಟು ಅಂದರೆ ನಮ್ಮ ಕೌಂಟರಿನಲ್ಲಿ ಎಲ್ಲರೂ ಬೇರೆಯದೇ ತಿಳಿಯುತ್ತಾರೆ.

ವಿಜಯಪುರದ ಮೇಷ್ಟ್ರು:
ಹೀಗೇ ಒಂದೊಂದೇ ಪದ ಬಿಡುತ್ತಾ ಬಂದಿದ್ದೇವೆ.

ಧಾರವಾಡದಿಂದ:
ಸರ್, ‘ಬಡ್ಡಿ’ಯೂ ಸಂಸ್ಕೃತದ ವೃದ್ಧಿಯಿಂದ ಬಂದದ್ದು. ಅದನ್ನೂ ತೆಗೆಯೋಣವೇ?

ವಿಜಯಪುರದ ಮೇಷ್ಟ್ರು:
ಅದು ತದ್ಭವ. ನಮ್ಮ ಬಾಯಲ್ಲಿ ಪಳಗಿದ ಮೇಲೆ ನಮ್ಮದೇ.

ತಿಕೋಟಾದ ಬೆಳೆಗಾರ:
ಹಾಗಾದರೆ ಠೇವಣಿಯೂ ಪಳಗಿದೆಯಲ್ರೀ ಸರ್.