ಬೇಗ ಖಾಲಿಯಾಗುವ ಡಬ್ಬಿ, ಅಪರೂಪಕ್ಕೆ ಹೋಗುವ ಬೇರಿಂಗ್: ಎಷ್ಟು ಉಳಿದಾಗ ಆರ್ಡರ್ ಕೊಡಬೇಕು?

ಪ್ರಶ್ನೆ (ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ, ಮಂಡ್ಯ): ನಮ್ಮಲ್ಲಿ ಪಿವಿಸಿ ಸೊಲ್ಯೂಷನ್ ಡಬ್ಬಿ ಬೇಕಾದ ಹೊತ್ತಿಗೇ ಖಾಲಿಯಾಗಿರುತ್ತದೆ. ಸಬ್‌ಮರ್ಸಿಬಲ್ ಮೋಟಾರಿನ ಥ್ರಸ್ಟ್ ಬೇರಿಂಗ್ ಸೆಟ್ ಮಾತ್ರ ತಿಂಗಳುಗಟ್ಟಲೆ ಧೂಳು ಹಿಡಿದು ಕುಳಿತಿರುತ್ತದೆ. ಹಳೆಯ ಬಿಲ್ಲುಗಳ ಹೊರತು ನನ್ನ ಬಳಿ ಬೇರೆ ಲೆಕ್ಕವಿಲ್ಲ. ಎಷ್ಟು ಉಳಿದಾಗ ಆರ್ಡರ್ ಕೊಡಬೇಕು, ಅದರಲ್ಲಿ ಮೀಸಲು ಎಷ್ಟಿರಬೇಕು?

ಹಾರ್ಡ್‌ವೇರ್ ವ್ಯಾಪಾರಿ, ಮೈಸೂರು: ನಾನು ಎಲ್ಲ ಸಾಮಾನಿಗೂ ಒಂದೇ ಸೂತ್ರ ಹಾಕುತ್ತೇನೆ. ಅತಿ ಹೆಚ್ಚು ಮಾರಾಟವಾದ ವಾರದ ಸಂಖ್ಯೆಯನ್ನು ತೆಗೆದುಕೊಂಡು, ಮಾಲು ಬರಲು ಅತಿ ಹೆಚ್ಚು ತಡವಾದ ಅವಧಿಯಿಂದ ಗುಣಿಸಿ, ಬಂದಷ್ಟು ಉಳಿದಾಗ ಆರ್ಡರ್ ಕೊಡುತ್ತೇನೆ. ಹಾಗೆ ಮಾಡಿದ ಮೇಲೆ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸಿದ ನೆನಪಿಲ್ಲ.

ನಿವೃತ್ತ ಸ್ಟೋರ್ ಕೀಪರ್, ಮೈಸೂರು: ಬರಿಗೈಯಲ್ಲಿ ಕಳುಹಿಸಿಲ್ಲ, ಸರಿ, ಆದರೆ ಅದಕ್ಕಾಗಿ ಎಷ್ಟು ಹಣ ಗೋಡೌನಿನಲ್ಲಿ ಕೂತಿದೆ ಎಂಬುದನ್ನೂ ನೋಡಬೇಕಲ್ಲವೇ? ಮಂಡ್ಯದವರು ಸೊಲ್ಯೂಷನ್ ಡಬ್ಬಿಯ ಕಳೆದ 12 ವಾರಗಳ ಮಾರಾಟವನ್ನೂ, ಕೊನೆಯ ಎಂಟು ಆರ್ಡರುಗಳು ಎಷ್ಟೆಷ್ಟು ದಿನಕ್ಕೆ ಬಂದವು ಎಂಬುದನ್ನೂ ಬರೆದರೆ ಲೆಕ್ಕ ಹಾಕಿ ನೋಡಬಹುದು.

ಪ್ರಶ್ನೆ ಕೇಳಿದವರು: ವಾರವಾರು ಮಾರಾಟ: 38, 42, 35, 51, 40, 0, 12, 44, 47, 39, 62, 41. ಆರ್ಡರ್ ಬರಲು ಹಿಡಿದ ದಿನಗಳು: 6, 7, 7, 8, 6, 9, 7, 13. ಅಂಗಡಿ ವಾರದ ಏಳೂ ದಿನ ತೆರೆದಿರುತ್ತದೆ.

ನಿವೃತ್ತ ಸ್ಟೋರ್ ಕೀಪರ್: ಆರನೆಯ ಮತ್ತು ಏಳನೆಯ ವಾರದಲ್ಲಿ ಗಿರಾಕಿಗಳು ಬರಲಿಲ್ಲವೋ, ನಿಮ್ಮಲ್ಲಿ ಮಾಲೇ ಇರಲಿಲ್ಲವೋ? 62 ಮಾರಾಟವಾದ ವಾರದಲ್ಲಿ ಯಾರಾದರೂ ಒಟ್ಟಿಗೆ ಕೊಂಡರೇ?

ಪ್ರಶ್ನೆ ಕೇಳಿದವರು: ತಮ್ಮ ಊಹೆ ಎರಡೂ ಕಡೆ ಸರಿ. ಮಾಲು ಖಾಲಿಯಾಗಿತ್ತು, ಆರ್ಡರ್ ಬರಲು 13 ದಿನ ಹಿಡಿದದ್ದೂ ಆಗಲೇ. 62ರಲ್ಲಿ 20 ಡಬ್ಬಿಯನ್ನು ಲೇಔಟ್ ಕೆಲಸದ ಕಂಟ್ರಾಕ್ಟರ್ ಒಬ್ಬರೇ ಒಯ್ದರು.

ನಿವೃತ್ತ ಸ್ಟೋರ್ ಕೀಪರ್: ಹಾಗಿದ್ದರೆ ತಪ್ಪುವುದು ಇಲ್ಲಿಯೇ. 12 ವಾರಗಳನ್ನೂ ಕೂಡಿ ಭಾಗಿಸಿದರೆ ವಾರಕ್ಕೆ 38ರ ಹತ್ತಿರ ಬರುತ್ತದೆ. ಆದರೆ ಬಿಲ್ಲಿನ ಸೊನ್ನೆಗೆ ಬೇಡಿಕೆ ಇರಲಿಲ್ಲವೆಂಬ ಅರ್ಥವಿಲ್ಲ. ಖಾಲಿಯಿದ್ದ ವಾರಗಳನ್ನು ಲೆಕ್ಕಕ್ಕೆ ಹಿಡಿದರೆ ಸರಾಸರಿ ಇಳಿಯುತ್ತದೆ, ಅದನ್ನು ನಂಬಿ ಕಡಿಮೆ ತರಿಸುತ್ತೀರಿ, ಮತ್ತೆ ಖಾಲಿಯಾಗುತ್ತದೆ, ಮತ್ತೆ ಸರಾಸರಿ ಇಳಿಯುತ್ತದೆ. ಆ ಎರಡು ವಾರಗಳನ್ನು ಬಿಟ್ಟು, ಕಂಟ್ರಾಕ್ಟರ್ ಒಯ್ದ 20ನ್ನೂ ಕಳೆದರೆ, ಹತ್ತು ವಾರಕ್ಕೆ 419 ಡಬ್ಬಿ, ಅಂದರೆ ವಾರಕ್ಕೆ 42, ದಿನಕ್ಕೆ 6.

ಮಾಲು ಬರಲು ಸರಾಸರಿ 8 ದಿನ ಹಿಡಿಯುತ್ತದೆ. ಅಷ್ಟು ದಿನಗಳಿಗೆ 48 ಡಬ್ಬಿ ಬೇಕು. 13 ದಿನ ಹಿಡಿದರೆ 78 ಬೇಕು. ಆದ್ದರಿಂದ 78 ಉಳಿದಾಗ ಆರ್ಡರ್ ಕೊಡಿ. ಅದರಲ್ಲಿ 30 ನಿಮ್ಮ ಮೀಸಲು. ಮೈಸೂರಿನ ಮಿತ್ರರ ಸೂತ್ರದಂತೆ 51 ಮಾರಾಟವಾದ ವಾರದ ದಿನದ ಸರಾಸರಿಯನ್ನು 13 ದಿನದಿಂದ ಗುಣಿಸಿದರೆ 95 ಬರುತ್ತದೆ. ಎರಡು ಕೆಟ್ಟ ಗಳಿಗೆಗಳು ಒಟ್ಟಿಗೆ ಬಂದಾಗ ಮಾತ್ರ ಅಷ್ಟು ಬೇಕಾಗುತ್ತದೆ. ಅಗ್ಗದ ಡಬ್ಬಿಗೆ ಅದು ದೊಡ್ಡ ನಷ್ಟವಲ್ಲ, ದುಬಾರಿ ಕೇಬಲ್ಲಿಗೆ ನಾನು ಒಪ್ಪುವುದಿಲ್ಲ. ಇನ್ನೊಂದನ್ನು ಗಮನಿಸಿ: ನಿಮ್ಮ ಗಿರಾಕಿಗಳು ಹೆಚ್ಚುಕಡಿಮೆ ಒಂದೇ ಸಮನಾಗಿ ಕೊಳ್ಳುತ್ತಿದ್ದಾರೆ. ಈ 30ರ ಮೀಸಲು ಅವರಿಗಾಗಿ ಇಡುವುದಲ್ಲ, ಲಾರಿ ತಡವಾಗುವುದಕ್ಕಾಗಿ ಇಡುವುದು. ಸಗಟು ವ್ಯಾಪಾರಿ 9 ದಿನಕ್ಕೆ ಮೀರದಂತೆ ಕಳುಹಿಸಿಕೊಟ್ಟರೆ 54ಕ್ಕೇ ಆರ್ಡರ್ ಕೊಟ್ಟರೂ ಸಾಕಾದೀತು. ಕಂಟ್ರಾಕ್ಟರ್ ಮತ್ತೆ ಬಂದರೆ ಎರಡು ದಿನ ಮುಂಚೆ ಫೋನು ಮಾಡುವಂತೆ ಹೇಳಿ. ಅವರಿಗಾಗಿ ವರ್ಷವಿಡೀ 20 ಡಬ್ಬಿ ಕಟ್ಟಿಡಬೇಡಿ.

ಬಟ್ಟೆ ಅಂಗಡಿ, ಮಂಡ್ಯ: ನಿಧಾನವಾಗಿ ಹೋಗುವ ಮಾಲಿಗೆ ನಮ್ಮಲ್ಲಿ ದೀಪಾವಳಿಯ ವೇಳೆಗೆ ಶೇ. 30 ರಿಯಾಯಿತಿ ಹಾಕಿ ಖಾಲಿ ಮಾಡಿಬಿಡುತ್ತೇವೆ. ಬೇರಿಂಗಿಗೂ ಹಾಗೆಯೇ ಮಾಡಬಹುದಲ್ಲ?

ನಿವೃತ್ತ ಸ್ಟೋರ್ ಕೀಪರ್: ಮೋಟಾರು ಸುಡದೆ ಯಾವ ರೈತರೂ ರಿಯಾಯಿತಿಗಾಗಿ ಬೇರಿಂಗ್ ಕೊಳ್ಳುವುದಿಲ್ಲ, ಸ್ವಾಮಿ. ಸುಟ್ಟ ದಿನ ಅದು ಇರಲೇಬೇಕು. ಎಷ್ಟು ಇರಬೇಕೆಂಬುದಷ್ಟೇ ಪ್ರಶ್ನೆ.

ಇಂತಹ ಸಾಮಾನಿಗೆ ಸರಾಸರಿ ನೋಡಿ ಪ್ರಯೋಜನವಿಲ್ಲ. ತಿಂಗಳಿಗೆ ಅರ್ಧ ಬೇರಿಂಗ್ ಎಂದು ಲೆಕ್ಕ ಬಂದರೆ ಅರ್ಧವನ್ನು ಯಾರೂ ಕೊಳ್ಳುವುದಿಲ್ಲ. ಎರಡು ವರ್ಷದ ಬಿಲ್ಲುಗಳಿಂದ ಮಾರಾಟವಾದ ತಾರೀಖುಗಳನ್ನಷ್ಟೇ ಒಂದರ ಕೆಳಗೊಂದು ಬರೆಯಿರಿ. ಹೊಸ ಸೆಟ್ ತರಿಸಲು 28 ದಿನ ಹಿಡಿಯುತ್ತದೆ ಎಂದಿಟ್ಟುಕೊಂಡರೆ, ಯಾವುದೇ 28 ದಿನಗಳೊಳಗೆ ಎರಡು ಹೋದದ್ದು ಎಷ್ಟು ಸಲ, ಮೂರು ಹೋದದ್ದು ಎಷ್ಟು ಸಲ ಎಂದು ಎಣಿಸಿ. ಎರಡು ಸೆಟ್ ಇಟ್ಟುಕೊಂಡು ಒಂದು ಹೋದ ದಿನವೇ ಇನ್ನೊಂದಕ್ಕೆ ಆರ್ಡರ್ ಕೊಡುವವರಿಗೆ ತೊಂದರೆಯಾಗುವುದು ಆ ಅವಧಿಯಲ್ಲಿ ಮೂರನೆಯ ಗಿರಾಕಿ ಬಂದಾಗ ಮಾತ್ರ. ತಿಂಗಳುವಾರು ಪಟ್ಟಿ ಇಲ್ಲಿ ಮೋಸ ಮಾಡುತ್ತದೆ, ಏಕೆಂದರೆ 29ರಂದು ಒಂದು, 3ರಂದು ಒಂದು ಹೋದರೆ ಎರಡು ತಿಂಗಳಿಗೆ ಒಂದೊಂದೆಂದು ಕಾಣಿಸುತ್ತದೆ.

ಔಷಧದ ಅಂಗಡಿ ನಡೆಸುವ ಮಹಿಳೆ, ಮೈಸೂರು: ನಾನು ಕಂಡ ಒಂದು ತಪ್ಪನ್ನು ಹೇಳುತ್ತೇನೆ. ಎಷ್ಟು ಉಳಿದಾಗ ಆರ್ಡರ್ ಕೊಡಬೇಕೆಂಬ ಮಟ್ಟವನ್ನು ಕಂಪ್ಯೂಟರಿನಲ್ಲಿ ಹಾಕಿಟ್ಟ ಮೇಲೆ ನಮ್ಮ ಹುಡುಗ ಕಪಾಟಿನಲ್ಲಿ ಕಡಿಮೆ ಕಂಡಾಗಲೆಲ್ಲ ಆರ್ಡರ್ ಕೊಡುತ್ತಿದ್ದ. ಸೋಮವಾರ ಕೊಟ್ಟದ್ದು ಇನ್ನೂ ದಾರಿಯಲ್ಲಿರುವಾಗಲೇ ಗುರುವಾರ ಮತ್ತೊಮ್ಮೆ ಕೊಟ್ಟ. ಕಪಾಟಿನಲ್ಲಿರುವುದಕ್ಕೆ ಬರಬೇಕಾದದ್ದನ್ನೂ ಕೂಡಿ, ಆಮೇಲೆ ಮಟ್ಟಕ್ಕೆ ಹೋಲಿಸಬೇಕು. ನಮಗೆ ಅವಧಿ ಮೀರುವ ಭಯವೂ ಉಂಟು, ನಿಮ್ಮ ಬೇರಿಂಗಿಗೆ ಆ ಕಷ್ಟವಿಲ್ಲ.

ಪ್ರಶ್ನೆ ಕೇಳಿದವರು: ತಾರೀಖುಗಳನ್ನು ಬರೆದೆ. 24 ತಿಂಗಳಲ್ಲಿ 11 ಸೆಟ್ ಹೋಗಿವೆ. 15 ತಿಂಗಳು ಒಂದೂ ಹೋಗಿಲ್ಲ, ಏಳು ತಿಂಗಳು ಒಂದೊಂದು, ಎರಡು ತಿಂಗಳು ಎರಡೆರಡು. ತಿಂಗಳುವಾರು ನೋಡಿದಾಗ ಎರಡು ಸೆಟ್ ಸಾಕೆನಿಸಿತ್ತು. ತಾರೀಖು ನೋಡಿದರೆ ಮಾರ್ಚ್ 29, ಏಪ್ರಿಲ್ 14, ಏಪ್ರಿಲ್ 20: 22 ದಿನಗಳಲ್ಲಿ ಮೂರು. ಅಷ್ಟು ಹತ್ತಿರ ಮೂರು ಹೋದದ್ದು ಅದೊಂದೇ ಸಲ.

ಹಾರ್ಡ್‌ವೇರ್ ವ್ಯಾಪಾರಿ: ಬೇಸಿಗೆ. ನಾಲೆಯಲ್ಲಿ ನೀರು ನಿಂತ ಮೇಲೆ ಕಬ್ಬಿನ ಗದ್ದೆಗೆಲ್ಲ ಬೋರ್‌ವೆಲ್ಲೇ ಗತಿ, ಮೋಟಾರುಗಳಿಗೆ ಬಿಡುವಿರುವುದಿಲ್ಲ. ಮೂರು ಇಡಿ.

ನಿವೃತ್ತ ಸ್ಟೋರ್ ಕೀಪರ್: ಆ ಮೂರನ್ನೂ ಕೊಂಡವರು ಯಾರು ಎಂದು ಮೊದಲು ನೋಡಿ.

ಪ್ರಶ್ನೆ ಕೇಳಿದವರು: ಏಪ್ರಿಲ್‌ನ ಎರಡನ್ನೂ ಒಬ್ಬರೇ ಮೆಕ್ಯಾನಿಕ್ ಒಯ್ದಿದ್ದಾರೆ. ಎರಡು ಮೋಟಾರಿಗೋ, ಒಂದನ್ನು ತಮ್ಮ ಬಳಿ ಇಟ್ಟುಕೊಂಡರೋ ಎಂಬುದನ್ನು ಬಿಲ್ಲು ಹೇಳುವುದಿಲ್ಲ.

ನಿವೃತ್ತ ಸ್ಟೋರ್ ಕೀಪರ್: ಹಾಗಾದರೆ ವರ್ಷವಿಡೀ ಮೂರು ಇಡಲು ಇಷ್ಟು ಆಧಾರ ಸಾಲದು ಎಂಬುದು ನನ್ನ ಅಭಿಪ್ರಾಯ. ಫೆಬ್ರವರಿ ಕೊನೆಗೆ ಮೂರನೆಯದನ್ನು ತರಿಸಿ, ಮಳೆ ಹಿಡಿದ ಮೇಲೆ ಹೋದದ್ದನ್ನು ಭರ್ತಿ ಮಾಡದೆ ಮತ್ತೆ ಎರಡಕ್ಕೆ ಇಳಿಯಿರಿ.

ಹಾರ್ಡ್‌ವೇರ್ ವ್ಯಾಪಾರಿ: ನಾನಾದರೆ ವರ್ಷವಿಡೀ ಮೂರೇ ಇಡುತ್ತೇನೆ. ಬೇರಿಂಗ್ ಸಿಗದೆ ಹಿಂತಿರುಗಿದ ಮೆಕ್ಯಾನಿಕ್ ಮರುದಿನ ಪೈಪನ್ನೂ ಬೇರೆ ಅಂಗಡಿಯಲ್ಲೇ ಕೊಳ್ಳುತ್ತಾನೆ. ಆ ನಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ.

ಪ್ರಶ್ನೆ ಕೇಳಿದವರು: ಸದ್ಯಕ್ಕೆ ಎರಡು ಇಟ್ಟಿದ್ದೇನೆ. ಮೆಕ್ಯಾನಿಕ್ ಈ ವಾರ ಅಂಗಡಿಗೆ ಬಂದರೆ ಕೇಳುತ್ತೇನೆ. ಸೊಲ್ಯೂಷನ್ ಡಬ್ಬಿ ಇಂದು 81 ಇದೆ. ನಾಳೆ ಸಂಜೆ ಎಣಿಸಿ 78ಕ್ಕೆ ಇಳಿದಿದ್ದರೆ ಆರ್ಡರ್ ಕೊಡುತ್ತೇನೆ.