ಸಾವಿರ ಸಬ್‌ಸ್ಕ್ರೈಬರ್ಸ್ ಆದರು, ಥ್ಯಾಂಕ್ಸ್ ವಿಡಿಯೋದ ಸ್ಕ್ರಿಪ್ಟ್ ಹೇಗಿರಬೇಕು?

ಬದುವಿನ ದಾರಿ: ನನ್ನ ಚಿಕ್ಕ ಕೃಷಿ ಯೂಟ್ಯೂಬ್ ಚಾನೆಲ್‌ಗೆ ನಿನ್ನೆ ಸಾವಿರ ಸಬ್‌ಸ್ಕ್ರೈಬರ್ಸ್ ಆದರು. ಥ್ಯಾಂಕ್ಸ್ ಹೇಳೋಕೆ ಒಂದು ಸ್ಕ್ರಿಪ್ಟ್ ಬರೆದಿದ್ದೇನೆ. ಮೊದಲು ಚಾನೆಲ್ ಶುರು ಮಾಡಿದ ಕಥೆ, ಆಮೇಲೆ ಕಾಮೆಂಟ್ ಹಾಕುವ ನಲವತ್ತು ಜನರ ಹೆಸರು, ಕೊನೆಗೆ ಲೈಕ್ ಮಾಡಿ, ಶೇರ್ ಮಾಡಿ ಅನ್ನೋದು. ಜೋರಾಗಿ ಓದಿದರೆ ಆರು ನಿಮಿಷ ಆಗುತ್ತದೆ. ಎಲ್ಲೋ ಸಪ್ಪೆ ಅನಿಸುತ್ತಿದೆ. ಏನು ತೆಗೆಯಲಿ, ಏನು ಇಡಲಿ?

ಮಳೆಗಾಲ: ಅಭಿನಂದನೆ! ಕಥೆ ಪೂರ್ತಿ ತೆಗೆದುಬಿಡಿ. ಎರಡು ನಿಮಿಷದ ಮೇಲೆ ಹೋಗಬೇಡಿ. ಇನ್ನೊಂದು ಮಾತು, ಸಾವಿರ ಆಯಿತು ಅಂದರೆ ಇನ್ನು ಜಾಹೀರಾತಿನ ದುಡ್ಡು ಬರೋಕೆ ಶುರು. "ನಿಮ್ಮಿಂದ ನನಗೆ ಆದಾಯ ಶುರುವಾಯಿತು" ಅಂತ ಮೊದಲ ಸಾಲಲ್ಲೇ ಹೇಳಿ. ಜನರಿಗೆ ಖುಷಿಯಾಗುತ್ತದೆ.

ಹಸಿರು ಮನೆ: ಎರಡು ನಿಮಿಷದ ಮಾತು ಸರಿ. ದುಡ್ಡಿನ ಸಾಲು ಮಾತ್ರ ಬೇಡ, ಅದು ಅರ್ಧ ನಿಜ. ಜಾಹೀರಾತಿನ ಪಾಲು ಸಿಗಬೇಕಾದರೆ ಸಾವಿರ ಜನರ ಜೊತೆಗೆ ಹಿಂದಿನ 12 ತಿಂಗಳಲ್ಲಿ ನಿಮ್ಮ ವಿಡಿಯೋಗಳನ್ನು ಜನ ಒಟ್ಟು 4,000 ಗಂಟೆ ನೋಡಿರಬೇಕು, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ 1 ಕೋಟಿ ವೀಕ್ಷಣೆ ಬಂದಿರಬೇಕು. ಶಾರ್ಟ್ಸ್ ಫೀಡ್‌ನಲ್ಲಿ ನೋಡಿದ ಸಮಯ ಆ 4,000 ಗಂಟೆಗೆ ಸೇರುವುದಿಲ್ಲ. ಇಷ್ಟೆಲ್ಲ ಆದಮೇಲೂ ಅರ್ಜಿ ಹಾಕಬೇಕು, ಯೂಟ್ಯೂಬ್‌ನವರು ಚಾನೆಲ್ ನೋಡಿ ಒಪ್ಪಬೇಕು. ಆಗದೇ ಇರುವುದನ್ನು ವಿಡಿಯೋದಲ್ಲಿ ಹೇಳಿದರೆ ಆಮೇಲೆ ಹಿಂದಕ್ಕೆ ತಗೊಳ್ಳೋಕಾಗಲ್ಲ, ಅಲ್ವಾ?

ಬದುವಿನ ದಾರಿ, ನಿಮಗೆ ಒಂದೇ ಪ್ರಶ್ನೆ. ಯಾರದೋ ಕಾಮೆಂಟ್ ಓದಿ ನೀವು ಹೊಲದಲ್ಲಿ ಏನಾದರೂ ಬೇರೆ ಥರ ಮಾಡಿದ್ದುಂಟಾ?

ಕೊಟ್ಟಿಗೆ ಮಾತು: ನಾನು ಸಾವಿರಕ್ಕೆ ಬೀಜದ ಪ್ಯಾಕೆಟ್ ಹಂಚಿದೆ. ಸಬ್‌ಸ್ಕ್ರೈಬ್ ಮಾಡಿ ಕಾಮೆಂಟ್ ಹಾಕಿ ಅಂದೆ. ಒಂದೇ ವಾರಕ್ಕೆ ತುಂಬಾ ಜನ ಬಂದರು. ಬೀಜ ಕಳಿಸಿದ ಮೇಲೆ ಅವರು ಯಾರೂ ಹಸುವಿನ ವಿಡಿಯೋ ತೆರೆದೂ ನೋಡಲಿಲ್ಲ. ಇನ್ನೂ ಕೆಟ್ಟದ್ದು ಅಂದರೆ, ಕೆಲವರು ಮನೆ ವಿಳಾಸ, ಫೋನ್ ನಂಬರ್ ಎಲ್ಲ ಕಾಮೆಂಟ್‌ನಲ್ಲೇ ಹಾಕಿದ್ದರು. ಒಂದೊಂದೇ ಹುಡುಕಿ ಅಳಿಸಬೇಕಾಯಿತು. ನೀವು ಉಡುಗೊರೆ ಕೊಡೋಕೆ ಹೋಗಬೇಡಿ.

ಬದುವಿನ ದಾರಿ: ಉಡುಗೊರೆಯ ಯೋಚನೆ ಇಲ್ಲ ಅಣ್ಣ, ಮಾತು ಹೇಗಿರಬೇಕು ಅನ್ನೋದಷ್ಟೇ ಕೇಳಿದ್ದು. ಆದರೆ ವಿಳಾಸದ ವಿಷಯ ನನಗೆ ಹೊಳೆದಿರಲಿಲ್ಲ.

ಹಸಿರು ಮನೆ ಅಕ್ಕ, ಹೌದು, ಒಂದಿದೆ. ಬೇವಿನ ಎಣ್ಣೆ ಸಿಂಪಡಿಸುವ ವಿಡಿಯೋ ಹಾಕಿದ್ದೆ. ಲೀಟರ್ ನೀರಿಗೆ 5 ಮಿಲಿ ಎಣ್ಣೆ ಅಂತ ಹೇಳಿದ್ದೆ, ಅಳತೆ ಸರಿಯಾಗಿಯೇ ಇತ್ತು. ಆದರೂ ಕೊನೆಯ ಎರಡು ಸಾಲಿನ ಗಿಡಗಳ ಎಲೆ ಸುಟ್ಟ ಹಾಗಾಯಿತು, ಮೊದಲ ಸಾಲುಗಳಿಗೆ ಏನೂ ಆಗಲಿಲ್ಲ. ಬಿಸಿಲು ಅಂದುಕೊಂಡೆ. ಒಬ್ಬರು "ಸೋಪು ಹಾಕಿದ್ರಾ?" ಅಂತ ಎರಡೇ ಪದದ ಕಾಮೆಂಟ್ ಹಾಕಿದ್ದರು. ನಾನು ಹಾಕಿರಲಿಲ್ಲ. ಎಣ್ಣೆ ಟ್ಯಾಂಕಿನಲ್ಲಿ ಮೇಲೆ ತೇಲುತ್ತಿತ್ತು. ಸ್ಪ್ರೇಯರ್ ತಳದಿಂದ ಎಳೆಯುತ್ತದೆ, ಹಾಗಾಗಿ ಮೊದಲು ಬರೀ ನೀರು, ಕೊನೆಗೆ ಬರೀ ಎಣ್ಣೆ ಬಿದ್ದಿದೆ. ಮುಂದಿನ ಸಲ ಎಣ್ಣೆಗೆ ಮೊದಲೇ ಲೀಟರ್ ನೀರಿಗೆ 1 ಮಿಲಿ ಲೆಕ್ಕದಲ್ಲಿ ದ್ರವ ಸೋಪು ಕಲಸಿ, ಆಮೇಲೆ ಸ್ವಲ್ಪ ಸ್ವಲ್ಪ ನೀರು ಹಾಕಿದೆ. ಹಾಲಿನ ಥರ ಆಯಿತು. ಸಂಜೆ ಹೊಡೆದೆ. ಒಂದು ಎಲೆಯೂ ಸುಡಲಿಲ್ಲ.

ಹಸಿರು ಮನೆ: ಇದೇ ನಿಮ್ಮ ಸ್ಕ್ರಿಪ್ಟ್! ಇದನ್ನು ಬಿಟ್ಟು ಚಾನೆಲ್ ಶುರುವಾದ ಕಥೆ ಯಾಕೆ? "ನಿಮ್ಮ ಪ್ರೀತಿಗೆ ಚಿರಋಣಿ" ಅಂತ ಯಾರು ಬೇಕಾದರೂ ಹೇಳಬಹುದು. ನೋಡುವವರ ಒಂದು ಪ್ರಶ್ನೆ ನಿಮ್ಮ ಬೆಳೆ ಉಳಿಸಿತು ಅನ್ನೋದನ್ನು ನೀವೊಬ್ಬರೇ ಹೇಳಬಹುದು. ನಾನಾಗಿದ್ದರೆ ನಮಸ್ಕಾರವನ್ನೂ ಆಮೇಲೆ ಇಡುತ್ತಿದ್ದೆ. ಸುಟ್ಟ ಎಲೆಯ ಫೋಟೋ ತೋರಿಸುತ್ತಾ ಹೀಗೆ ಶುರು ಮಾಡಿ:

"ಈ ಎಲೆ ಯಾಕೆ ಸುಟ್ಟಿತು ಅಂತ ನನಗೆ ಗೊತ್ತಾಗಿರಲಿಲ್ಲ. ನಿಮ್ಮಲ್ಲಿ ಒಬ್ಬರು ಎರಡೇ ಪದದಲ್ಲಿ ಕೇಳಿದರು: ಸೋಪು ಹಾಕಿದ್ರಾ? ನಾನು ಹಾಕಿರಲಿಲ್ಲ. ಆ ವಿಡಿಯೋದಲ್ಲಿ ನಿಮಗೂ ಹೇಳಿರಲಿಲ್ಲ. ಇವತ್ತು ನಾವು ಸಾವಿರ ಜನ ಆಗಿದ್ದೇವೆ. ಥ್ಯಾಂಕ್ಸ್ ಹೇಳುವ ಮೊದಲು ಅದನ್ನು ಸರಿಮಾಡುತ್ತೇನೆ."

ಇದು ಇಪ್ಪತ್ತು ಸೆಕೆಂಡ್ ಚಿಲ್ಲರೆ ಅಷ್ಟೇ. ಆಮೇಲೆ ಎರಡು ಬಾಟಲಿ ತೋರಿಸಿ, ಒಂದರಲ್ಲಿ ಎಣ್ಣೆ ತೇಲುತ್ತಿರಲಿ, ಇನ್ನೊಂದು ಹಾಲಿನಂತಿರಲಿ. ಅಲ್ಲಿ ಮಾತು ಕಡಿಮೆ ಸಾಕು. ಥ್ಯಾಂಕ್ಸ್ ಅದಾದ ಮೇಲೆ ಬಂದರೆ ತೂಕ ಇರುತ್ತದೆ.

ಮಳೆಗಾಲ: ದುಡ್ಡಿನ ವಿಷಯ ಒಪ್ಪಿದೆ. ಆದರೆ ಸಂಭ್ರಮದ ವಿಡಿಯೋದಲ್ಲಿ ತಪ್ಪನ್ನು ಮುಂದಿಡೋದಾ? ಹಳೆಯ ವಿಡಿಯೋದ ಜಾಗಕ್ಕೆ ಸರಿಯಾದದ್ದನ್ನು ಸದ್ದಿಲ್ಲದೆ ಹಾಕಿದರೆ ಮುಗಿಯಿತಲ್ಲ.

ಹಸಿರು ಮನೆ: ಹಾಕೋಕಾಗಲ್ಲ. ಯೂಟ್ಯೂಬ್‌ನಲ್ಲಿ ಅದೇ ಲಿಂಕ್‌ಗೆ ಬೇರೆ ವಿಡಿಯೋ ಹಾಕುವ ದಾರಿ ಇಲ್ಲ. ಕತ್ತರಿಸಬಹುದು, ಹೊಸದು ಸೇರಿಸೋಕೆ ಬರಲ್ಲ. ಇಲ್ಲಿ ಕತ್ತರಿಸಿಯೂ ಉಪಯೋಗ ಇಲ್ಲ. ತಪ್ಪು ಮಾತು ಹೇಳಿದ್ದಲ್ಲ, ಹೇಳಬೇಕಾದ ಮಾತು ಬಿಟ್ಟುಹೋಗಿದೆ. ಹಳೆಯ ವಿಡಿಯೋದ ಕೆಳಗೆ ಸೋಪಿನ ಅಳತೆ ಬರೆದು ಪಿನ್ ಮಾಡಿ, ವಿವರಣೆಯ ಮೊದಲ ಸಾಲಲ್ಲೂ ಹಾಕಿ. ಅದನ್ನು ನೋಡಿ ಈಗಲೂ ಯಾರೋ ಟ್ಯಾಂಕ್ ತುಂಬಿಸುತ್ತಿರಬಹುದು.

ಊರ ಬಾವಿ: ನಾನು ಚಾನೆಲ್ ಮಾಡುವವನಲ್ಲ, ನೋಡುವವನು. ಹೆಸರುಗಳನ್ನು ತೆಗೆಯಬೇಡಿ. ಒಂದು ಸಲ ಚಿಕ್ಕ ಚಾನೆಲ್‌ನವರು ನನ್ನ ಹೆಸರು ಓದಿದ್ದರು. ಆ ವಿಡಿಯೋ ಮನೆಯವರಿಗೆಲ್ಲ ತೋರಿಸಿದೆ. ಇವತ್ತಿಗೂ ಅವರ ಒಂದು ವಿಡಿಯೋ ಬಿಟ್ಟಿಲ್ಲ.

ಹಸಿರು ಮನೆ: ನಿಮ್ಮ ಮಾತು ಅರ್ಥವಾಗುತ್ತದೆ. ಆದರೆ ನಲವತ್ತು ಹೆಸರು ಓದೋಕೆ ಒಂದೂವರೆ ನಿಮಿಷ ಬೇಕು. ನಲವತ್ತೊಂದನೆಯವರಿಗೆ ಅಷ್ಟು ಹೊತ್ತೂ ಅವರದಲ್ಲದ ಮಾತು. ಬಾಟಲಿ ಅಲ್ಲಾಡಿಸುವಾಗ ಹೆಸರುಗಳು ಪರದೆ ಮೇಲೆ ಹರಿದುಹೋಗಲಿ. ಬೇಕಾದವರು ನಿಲ್ಲಿಸಿ ಹುಡುಕಿಕೊಳ್ಳುತ್ತಾರೆ.

ಊರ ಬಾವಿ: ಹುಡುಕಿಕೊಳ್ಳೋದು ಬೇರೆ, ಕರೆಸಿಕೊಳ್ಳೋದು ಬೇರೆ ಅಮ್ಮ. ಅವರ ಬಾಯಿಂದ ಕೇಳಬೇಕು.

ಕೊಟ್ಟಿಗೆ ಮಾತು: ನನಗೂ ಓದೋದೇ ಸರಿ ಅನಿಸುತ್ತದೆ. ನಲವತ್ತು ಬೇಡ, ಏನಾದರೂ ಕಲಿಸಿದ ಐದಾರು ಜನ ಸಾಕು.

ಬದುವಿನ ದಾರಿ: ರಾತ್ರಿ ಕೂತು ಮತ್ತೆ ಬರೆದೆ. ಎಲೆಯಿಂದ ಶುರು, ಬಾಟಲಿ, ಥ್ಯಾಂಕ್ಸ್, ಮುಂದಿನ ವಿಡಿಯೋ ಯಾವುದು ಅಂತ ಒಂದು ಸಾಲು. ಓದಿದರೆ 1 ನಿಮಿಷ 50 ಸೆಕೆಂಡ್. ಲೈಕ್, ಶೇರ್ ಎರಡೂ ತೆಗೆದೆ. ಅದರ ಬದಲು "ನಾನು ಬಿಟ್ಟ ವಿಷಯ ಕಂಡರೆ ಕೇಳಿ" ಅಂತ ಬರೆದಿದ್ದೇನೆ. ಕೊನೆಯಲ್ಲಿ ಏನಾದರೂ ಉಳಿದಿದೆಯಾ?

ಹಸಿರು ಮನೆ: ಚೆನ್ನಾಗಿದೆ. ಕೊನೆಗೆ ಹತ್ತು ಹದಿನೈದು ಸೆಕೆಂಡ್ ಜಾಗ ಬಿಡಿ. ಎಂಡ್ ಸ್ಕ್ರೀನ್ ಕೊನೆಯ 5ರಿಂದ 20 ಸೆಕೆಂಡ್ ಒಳಗೇ ಬರುತ್ತದೆ. ಆಗ ನೀವು ಫ್ರೇಮಿನ ಒಂದು ಬದಿಗೆ ನಿಂತಿರಿ, ಇಲ್ಲದಿದ್ದರೆ ಮುಂದಿನ ವಿಡಿಯೋದ ಚೌಕ ನಿಮ್ಮ ಮುಖದ ಮೇಲೆ ಕೂರುತ್ತದೆ. ಆ ಕಾಮೆಂಟ್ ತೋರಿಸುವ ಮೊದಲು ಹಾಕಿದವರನ್ನು ಒಂದು ಮಾತು ಕೇಳಿದ್ದೀರಾ?

ಬದುವಿನ ದಾರಿ: ಅವರ ಕಾಮೆಂಟ್ ಕೆಳಗೇ ಕೇಳಿದ್ದೇನೆ, ಇನ್ನೂ ಉತ್ತರ ಬಂದಿಲ್ಲ. ಬರದಿದ್ದರೆ ಹೆಸರು ಮುಚ್ಚಿ ಪ್ರಶ್ನೆ ಮಾತ್ರ ತೋರಿಸುತ್ತೇನೆ. ಉಳಿದ ಐದು ಹೆಸರು ಓದಲಾ, ಪರದೆ ಮೇಲೆ ಹಾಕಲಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಎರಡೂ ಥರ ಶೂಟ್ ಮಾಡಿ ನೋಡುತ್ತೇನೆ.