ಸಹಾಯ ಬೇಕು: ಚಿಲ್ಲರ್ ರಿಪೇರಿ ಮುಗಿಯುವವರೆಗೆ ಎಸಿ 26ಕ್ಕಿಡಿ
ಎಲ್ಲರಿಗೂ ನಮಸ್ಕಾರ. ನಮ್ಮ ಎರಡು ಚಿಲ್ಲರ್‌ಗಳಲ್ಲಿ ಒಂದರ ಕಂಪ್ರೆಸರ್ ಬಿಚ್ಚಿದ್ದಾರೆ. ಶನಿವಾರದವರೆಗೆ ಇನ್ನೊಂದೇ ಗತಿ. ಅದು ಮಾಮೂಲಾಗಿ 7 ಡಿಗ್ರಿಯ ನೀರು ಕಳಿಸುತ್ತದೆ. ಎಲ್ಲರೂ ಒಟ್ಟಿಗೆ ಎಸಿ ಹಾಕಿದರೆ ವಾಪಸ್ ಬರುವ ನೀರು ಬಿಸಿಯಾಗಿ, ಹೋಗುವ ನೀರೂ 12 ದಾಟುತ್ತದೆ. ಆಗ ಗಾಳಿಯ ತೇವ ಕಾಯಿಲ್ ಮೇಲೆ ಸರಿಯಾಗಿ ಇಳಿಯುವುದಿಲ್ಲ. ಗಾಳಿ ಬೀಸಿದರೂ ಮೈ ಅಂಟಂಟು. ಡ್ರೈನ್ ಪೈಪಿನಲ್ಲಿ ನೀರು ತೊಟ್ಟಿಕ್ಕುವುದು ಕಡಿಮೆಯಾದರೆ ಅದೇ ಗುರುತು.

18ಕ್ಕಿಟ್ಟರೆ ಬೇಗ ತಂಪಾಗಲ್ಲ. ವಾಲ್ವ್ ಮುಚ್ಚದೆ ಪಕ್ಕದ ಮನೆಯ ಪಾಲಿನ ನೀರನ್ನೂ ಎಳೆಯುತ್ತದೆ, ಅಷ್ಟೇ. ದಯವಿಟ್ಟು 26ಕ್ಕಿಟ್ಟು ಸೀಲಿಂಗ್ ಫ್ಯಾನ್ ಹಾಕಿ. ಸಂಜೆ 6ರಿಂದ 11ರವರೆಗೆ ಒಂದೇ ಕೋಣೆಯಲ್ಲಿ ಎಸಿ. ಆಮೇಲೆ ತುಂಗೆ ಕಡೆಯ ಗಾಳಿ ಬಂದರೆ ಎಸಿ ಆರಿಸಿಯೇ ಕಿಟಕಿ ತೆರೆಯಿರಿ. ಹಸುಗೂಸು, ರೋಗಿಗಳಿರುವ ಮನೆಗೆ ಈ ಮಿತಿಯಿಲ್ಲ. ಫ್ಲ್ಯಾಟ್ ನಂಬರ್ ತಿಳಿಸಿ.

– ಕಾರ್ಯದರ್ಶಿ, ನಿವಾಸಿಗಳ ಸಂಘ, ಶಿವಮೊಗ್ಗ